ಮೇಷ್ಟ್ರ ಫೋಲ್ಡರ್ ಯಾರ ಟ್ರ್ಯಾಶ್‌ನಲ್ಲಿತ್ತು?

ಮಂಡ್ಯದ ವಿ.ವಿ. ರಸ್ತೆಯ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಸ್ಮರಣ ಸಂಚಿಕೆ, ಇಂಥವೇ ಕೆಲಸ. ಈಗ ಪೆನ್‌ಡ್ರೈವ್ ಹಿಡಿದು ಬರುವವರು ಕಡಿಮೆ. ಗೂಗಲ್ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ ಎಲ್ಲರಿಗೂ ಶೇರ್ ಮಾಡುತ್ತಾರೆ, ಅವರವರ ಲೇಖನ, ಫೋಟೋ ಅದಕ್ಕೆ ಹಾಕುತ್ತಾರೆ. ನಾನು ಅಲ್ಲಿಂದ ಇಳಿಸಿಕೊಂಡು ಪುಟ ಕಟ್ಟುತ್ತೇನೆ.

ಒಂದು ಹಳ್ಳಿ ಶಾಲೆಯ ವಾರ್ಷಿಕೋತ್ಸವದ ಸಂಚಿಕೆಗೂ ಹೀಗೆಯೇ ನಡೆದಿತ್ತು. ಫೋಲ್ಡರ್ ಮಾಡಿದವರು ಮೈಸೂರಿನಲ್ಲಿರುವ ನಿವೃತ್ತ ಮೇಷ್ಟ್ರು. ಸಂಕ್ರಾಂತಿ ಕಳೆದ ಮೇಲೆ ನೋಡಿದರೆ ನನ್ನ ಡ್ರೈವ್‌ನಲ್ಲಿ ಆ ಫೋಲ್ಡರೇ ಇಲ್ಲ. ಮೇಷ್ಟ್ರಿಗೆ ಫೋನ್ ಮಾಡಿದೆ. "ನಾನೇನೂ ಮುಟ್ಟಿಲ್ಲ ಕಣಪ್ಪ, ನಿನ್ನ ಕಂಪ್ಯೂಟರ್ರೇ ಏನೋ ಮಾಡಿರಬೇಕು ನೋಡು" ಅಂದರು.

ಇಂಥ ಹೊತ್ತಲ್ಲಿ ನಾನು ಮೊದಲು ಮಾಡುವುದು ಹಳೆಯ ಲಿಂಕ್ ಹುಡುಕುವುದು. ಫೋಲ್ಡರ್ ಕಾಣದಿದ್ದರೂ ಒಳಗಿನ ಯಾವುದೋ ಒಂದು ಫೈಲಿನ ಲಿಂಕ್ ವಾಟ್ಸಾಪ್‌ನಲ್ಲೋ ಮೇಲ್‌ನಲ್ಲೋ ಇದ್ದೇ ಇರುತ್ತದೆ. ಅದನ್ನು ಒತ್ತಿದಾಗ ಏನು ಬರುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಫೈಲ್ ತೆರೆದುಕೊಂಡು, ಇದು ಮಾಲೀಕರ ಟ್ರ್ಯಾಶ್‌ನಲ್ಲಿದೆ ಅನ್ನುವ ಸೂಚನೆ ಬಂದರೆ ಗಾಬರಿ ಬೇಡ, ಅದು ಇನ್ನೂ ಇದೆ. `You need access` ಅಂತ ಬಂದರೆ ಶೇರಿಂಗ್ ತೆಗೆದಿದ್ದಾರೆ, ಇಲ್ಲವೇ ನೀವು ಬೇರೆ ಅಕೌಂಟ್‌ನಿಂದ ತೆರೆಯುತ್ತಿದ್ದೀರಿ. `Sorry, the file you have requested does not exist` ಅಂತ ಬಂದರೆ ಮಾತ್ರ ಕಷ್ಟ. ಲಿಂಕ್ ಸರಿಯಾಗಿದ್ದೂ ಹೀಗೆ ಬಂದರೆ ಫೈಲ್ ಟ್ರ್ಯಾಶ್‌ನಿಂದಲೂ ಹೋಗಿರುತ್ತದೆ.

ನನಗೆ ಬಂದದ್ದು ಮೊದಲನೆಯದು. ಮೇಷ್ಟ್ರು ಬರೆದ ಮುನ್ನುಡಿಯ ಲಿಂಕ್ ಒತ್ತಿದರೆ ಮುನ್ನುಡಿ ಪೂರ್ತಿ ಕಾಣುತ್ತಿತ್ತು. ಮಾಲೀಕರು ಫೈಲನ್ನು ಟ್ರ್ಯಾಶ್‌ಗೆ ಹಾಕಿದರೂ, ಅದು ಶಾಶ್ವತವಾಗಿ ಅಳಿಯುವವರೆಗೆ ಶೇರ್ ಆದವರು ನೋಡಬಹುದು, ಒಂದು ಕಾಪಿಯನ್ನೂ ಮಾಡಿಕೊಳ್ಳಬಹುದು. ನಾನು ಅಲ್ಲಿಯೇ `Make a copy` ಒತ್ತಿ ಒಂದು ಪ್ರತಿ ಇಟ್ಟುಕೊಂಡೆ. ಆ ಪ್ರತಿಗೆ ನಾನೇ ಮಾಲೀಕ, ಹಾಗಾಗಿ ಆಚೆ ಕಡೆ ಏನಾದರೂ ಅದು ಉಳಿಯುತ್ತದೆ. ಆದರೆ ಮೂಲ ಫೈಲಿನ ತಿದ್ದುಪಡಿಯ ಇತಿಹಾಸ ಅದರ ಜೊತೆ ಬರುವುದಿಲ್ಲ.

ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಅಳಿಸಿದ ಫೈಲ್ ಅದರ ಮಾಲೀಕರ ಟ್ರ್ಯಾಶ್‌ಗೆ ಹೋಗುತ್ತದೆ. ಮೇಷ್ಟ್ರ ಫೋಲ್ಡರನ್ನು ನಾನು ನನ್ನ ಟ್ರ್ಯಾಶ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಕಳೆದುಕೊಂಡವರು ಹುಡುಕುತ್ತಿರುವುದು ಒಂದು ಕಡೆ, ಫೈಲ್ ಕೂತಿರುವುದು ಇನ್ನೊಬ್ಬರ ಅಕೌಂಟ್‌ನಲ್ಲಿ. ಟ್ರ್ಯಾಶ್‌ನಲ್ಲಿರುವುದು 30 ದಿನ ಆದ ಮೇಲೆ ತಾನಾಗಿ ಅಳಿಯುತ್ತದೆ. ಹುಡುಕುವಷ್ಟರಲ್ಲಿ ಆ 30 ದಿನ ಮುಗಿದುಹೋಗುತ್ತದೆ.

ಆ 30 ದಿನದ ಲೆಕ್ಕ ಶುರುವಾಗುವುದು ಟ್ರ್ಯಾಶ್‌ಗೆ ಹಾಕಿದ ದಿನದಿಂದ. ನೀವು ಗಮನಿಸಿದ ದಿನದಿಂದ ಅಲ್ಲ. ಮುಂಚೆ ಹೀಗಿರಲಿಲ್ಲ. 2020ರ ಅಕ್ಟೋಬರ್ 13ಕ್ಕೆ ಮೊದಲು ಡ್ರೈವ್‌ನ ಟ್ರ್ಯಾಶ್‌ಗೆ ಹಾಕಿದ್ದು ನೀವಾಗಿ ಖಾಲಿ ಮಾಡುವವರೆಗೆ ಹಾಗೇ ಇರುತ್ತಿತ್ತು. ಆಗಿನ ಕಾಲದ ರೂಢಿಯಲ್ಲೇ "ಟ್ರ್ಯಾಶ್‌ನಲ್ಲಿದೆ ಬಿಡಿ, ಸಂಚಿಕೆ ಹೊತ್ತಿಗೆ ತೆಗೆದುಕೊಂಡರಾಯ್ತು" ಅನ್ನುವವರು ಈಗಲೂ ಇದ್ದಾರೆ. ಮೇಷ್ಟ್ರ ಫೋಲ್ಡರ್ ಟ್ರ್ಯಾಶ್‌ಗೆ ಹೋದದ್ದು ಜನವರಿ 16ಕ್ಕೆ ಅಂತ ಆಮೇಲೆ ತಿಳಿಯಿತು. ಅಂದರೆ ಫೆಬ್ರವರಿ ಮಧ್ಯದ ಹೊತ್ತಿಗೆ ಅದು ತಾನಾಗಿ ಮಾಯವಾಗುತ್ತಿತ್ತು.

ಮೇಷ್ಟ್ರಿಗೆ ಮತ್ತೆ ಫೋನ್ ಮಾಡಿದೆ. "ಸಾರ್, ಡ್ರೈವ್‌ನಲ್ಲಿ ಏನನ್ನೂ ಖಾಲಿ ಮಾಡಬೇಡಿ, ಯಾರ ಕೈಗೂ ಫೋನ್ ಕೊಡಬೇಡಿ" ಅಂದೆ. ಆಗ ವಿಷಯ ಹೊರಗೆ ಬಂತು. ಅವರ ಫೋನ್‌ನಲ್ಲಿ ಸ್ಟೋರೇಜ್ ಫುಲ್ ಅಂತ ಬರುತ್ತಿತ್ತಂತೆ. ಹಬ್ಬಕ್ಕೆ ಬಂದ ಮೊಮ್ಮಗ ದೊಡ್ಡ ಫೋಲ್ಡರ್ ಯಾವುದು ಅಂತ ನೋಡಿ ಅಳಿಸಿದ್ದಾನೆ. "ಅಳಿಸಿದ್ರೂ ಜಾಗ ಖಾಲಿ ಆಗ್ಲಿಲ್ಲ ಅಂಕಲ್" ಅಂತ ಹುಡುಗ ನನಗೇ ದೂರು ಹೇಳಿದ.

ಖಾಲಿ ಆಗುವುದೇ ಇಲ್ಲ. ಟ್ರ್ಯಾಶ್‌ನಲ್ಲಿರುವ ಫೈಲೂ ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ಲೆಕ್ಕದಲ್ಲೇ ಇರುತ್ತದೆ. ಫೈಲುಗಳು ನಿಜಕ್ಕೂ ಕೈತಪ್ಪುವುದು ಜಾಸ್ತಿ ಇಲ್ಲೇ. ಅಳಿಸಿದರೂ ಜಾಗ ಆಗಲಿಲ್ಲ ಅಂತ ಜನ ಟ್ರ್ಯಾಶ್‌ಗೆ ಹೋಗಿ ಎಲ್ಲವನ್ನೂ ಒಂದೇ ಸಲ ಖಾಲಿ ಮಾಡಿಬಿಡುತ್ತಾರೆ. ಹುಡುಗನಿಗೆ ಆ ಬಟನ್ ಕಾಣಿಸಿರಲಿಲ್ಲ, ನಮ್ಮ ಪುಣ್ಯ.

ಮುಂದಿನದನ್ನು ಫೋನ್‌ನಲ್ಲಿ ಹೇಳಿಕೊಟ್ಟು ಮಾಡಿಸಿದೆ. ಮೊಬೈಲ್ ಆ್ಯಪ್‌ನಲ್ಲೂ ಆಗುತ್ತದೆ, ಆದರೆ ಕಂಪ್ಯೂಟರ್‌ನಲ್ಲಿ drive.google.com ತೆರೆಸುವುದು ವಾಸಿ, ದಿನಾಂಕಗಳು ಚೆನ್ನಾಗಿ ಕಾಣುತ್ತವೆ. ಮೊದಲು ಮೇಲೆ ಬಲಗಡೆಯ ದುಂಡು ಚಿತ್ರ ಒತ್ತಿ ಯಾವ ಮೇಲ್ ಐಡಿ ಅಂತ ಓದಿ ಹೇಳಿ ಅಂದೆ. ಮನೆಯ ಕಂಪ್ಯೂಟರ್‌ನಲ್ಲಿ ಇದ್ದದ್ದು ಮೊಮ್ಮಗನ ಐಡಿ. ಅದನ್ನು ಬದಲಿಸಿದ ಮೇಲೆ ಎಡಗಡೆ ಪಟ್ಟಿಯಲ್ಲಿ Trash ಒತ್ತಿಸಿದೆ. ಕೆಲವರಲ್ಲಿ ಅದೇ ಜಾಗದಲ್ಲಿ Bin ಅಂತ ಇರುತ್ತದೆ, ಎರಡೂ ಒಂದೇ.

ಅಲ್ಲಿ ಮೇಷ್ಟ್ರು "ಮುನ್ನುಡಿ ಕಾಣಿಸ್ತಿಲ್ವಲ್ಲಪ್ಪ" ಅಂತ ಮತ್ತೆ ಗಾಬರಿಯಾದರು. ಫೋಲ್ಡರ್ ಸಮೇತ ಅಳಿಸಿದರೆ ಟ್ರ್ಯಾಶ್‌ನಲ್ಲಿ ಕಾಣುವುದು ಫೋಲ್ಡರ್ ಹೆಸರು ಮಾತ್ರ. ಒಳಗಿನ ಫೈಲುಗಳು ಬಿಡಿಬಿಡಿಯಾಗಿ ಪಟ್ಟಿಯಲ್ಲಿ ಬರುವುದಿಲ್ಲ. ಫೋಲ್ಡರ್ ಮೇಲೆ ಎರಡು ಸಲ ಒತ್ತಿದರೂ ತೆರೆಯುವುದಿಲ್ಲ, ಮೊದಲು ಟ್ರ್ಯಾಶ್‌ನಿಂದ ಹೊರತೆಗೆಯಿರಿ ಅನ್ನುತ್ತದೆ. ಹಾಗಾಗಿ ಫೈಲಿನ ಹೆಸರು ಬಿಟ್ಟು, ಅದು ಯಾವ ಫೋಲ್ಡರಿನಲ್ಲಿತ್ತು ಅಂತ ನೆನಪು ಮಾಡಿಕೊಂಡು ಹುಡುಕಬೇಕು. ಅದೂ ನೆನಪಿಲ್ಲದಿದ್ದರೆ ಟ್ರ್ಯಾಶ್‌ಗೆ ಹಾಕಿದ ದಿನಾಂಕದ ಪ್ರಕಾರ ನೋಡಿದರೆ ಸಿಗುತ್ತದೆ. ಜನವರಿ 16ರ ಅಡಿಯಲ್ಲಿ ನಮ್ಮ ಫೋಲ್ಡರ್ ಕೂತಿತ್ತು. ಅದರ ಮೇಲೆ ಮೌಸ್‌ನ ಬಲಗಡೆ ಬಟನ್ ಒತ್ತಿ, Restore.

ಫೋಲ್ಡರ್ ಮೊದಲಿದ್ದ ಜಾಗಕ್ಕೇ ಬಂತು. ಹಳೆಯ ಲಿಂಕ್‌ಗಳು, ಶೇರಿಂಗ್ ಎಲ್ಲ ಹಾಗೇ ಕೆಲಸ ಮಾಡಿದವು. ಸ್ಟೋರೇಜ್ ಫುಲ್ ಇದ್ದರೆ ವಾಪಸ್ ಬರುತ್ತದಾ ಅಂತ ಕೆಲವರು ಕೇಳುತ್ತಾರೆ. ಬರುತ್ತದೆ. ಆ ಫೈಲಿನ ಗಾತ್ರ ಆಗಲೇ ಲೆಕ್ಕಕ್ಕೆ ಸೇರಿದೆ ಅಲ್ವಾ?

ಆದರೆ ತೆರೆದು ನೋಡಿದರೆ ಹಳೆಯ ಗ್ರೂಪ್ ಫೋಟೋಗಳು ಇಲ್ಲ. ಅವುಗಳನ್ನು ಸ್ಕ್ಯಾನ್ ಮಾಡಿ ಹಾಕಿದ್ದವರು ಮದ್ದೂರಿನ ಒಬ್ಬ ಟೀಚರ್. ಇನ್ನೊಬ್ಬರ ಫೋಲ್ಡರಿಗೆ ನೀವು ಫೈಲ್ ಹಾಕಿದರೂ ಅದರ ಮಾಲೀಕರು ನೀವೇ. ಫೋಲ್ಡರಿನ ಮಾಲೀಕ ಫೋಲ್ಡರನ್ನು ಅಳಿಸಿದರೆ ನಿಮ್ಮ ಫೈಲ್ ಅಳಿಯುವುದಿಲ್ಲ. ಅದು ನಿಮ್ಮ My Drive ಒಳಗೆ ಬಂದು ಬೀಳಬಹುದು, ಇಲ್ಲವೇ ಯಾವ ಫೋಲ್ಡರಿಗೂ ಸೇರದೆ ಉಳಿಯಬಹುದು. ಹಾಗೆ ಉಳಿದದ್ದು ಸುಮ್ನೆ ಕಣ್ಣಾಡಿಸಿದರೆ ಕಾಣುವುದಿಲ್ಲ. ಟೀಚರ್‌ಗೆ ಅವರ ಅಕೌಂಟ್‌ನಲ್ಲೇ ಮೇಲಿನ ಹುಡುಕುವ ಜಾಗದಲ್ಲಿ ಇದನ್ನು ಟೈಪ್ ಮಾಡಿ ಅಂತ ಕಳಿಸಿದೆ:

```
is:unorganized owner:me
```

"ಎಲ್ಲಾ ಇಲ್ಲೇ ಬಿದ್ದಿವೆ ಸಾರ್!" ಅಂತ ಮೆಸೇಜ್ ಬಂತು. ಎಲ್ಲವನ್ನೂ ಆರಿಸಿ ಮತ್ತೆ ಮೇಷ್ಟ್ರ ಫೋಲ್ಡರಿಗೆ Move ಮಾಡಿದರು. ಈ ಫೋಟೋಗಳಿಗೆ 30 ದಿನದ ಗಡುವು ಇರಲೇ ಇಲ್ಲ, ಯಾಕೆಂದರೆ ಅವು ಟ್ರ್ಯಾಶ್‌ಗೇ ಹೋಗಿರಲಿಲ್ಲ.

ಹುಡುಗ ಟ್ರ್ಯಾಶನ್ನೂ ಖಾಲಿ ಮಾಡಿದ್ದರೆ? ಮಾಮೂಲಿ ಜಿಮೇಲ್ ಅಕೌಂಟ್ ಆದರೆ ಗೂಗಲ್‌ನ ಸಹಾಯ ಪುಟದ ಮೂಲಕ ವಾಪಸ್ ಕೊಡಿ ಅಂತ ಕೋರಿಕೆ ಹಾಕುವುದೊಂದೇ ದಾರಿ. ಅದನ್ನು ಫೈಲಿನ ಮಾಲೀಕರೇ ಹಾಕಬೇಕು, ತಡ ಮಾಡಬಾರದು. ಸಿಕ್ಕೇ ಸಿಗುತ್ತದೆ ಅನ್ನುವ ಹಾಗಿಲ್ಲ. ಕಾಲೇಜು ಅಥವಾ ಆಫೀಸ್ ಕೊಟ್ಟ ಗೂಗಲ್ ಅಕೌಂಟ್ ಆದರೆ ಪರಿಸ್ಥಿತಿ ವಾಸಿ. ಟ್ರ್ಯಾಶ್ ಖಾಲಿಯಾದ ಮೇಲೂ 25 ದಿನದೊಳಗೆ ಅಲ್ಲಿನ ಅಡ್ಮಿನ್ ಅದನ್ನು ಮರಳಿ ತರಬಹುದು. ಅಡ್ಮಿನ್‌ಗೆ "ಫೈಲ್ ಹೋಗಿದೆ" ಅಂತಷ್ಟೇ ಬರೆದರೆ ಕೆಲಸ ನಿಧಾನ. Restore data ಅನ್ನುವ ಆ ಆಯ್ಕೆ ಕೇಳುವುದು ದಿನಾಂಕವನ್ನು, ಅದಕ್ಕೆ ಯಾವ ದಿನದಿಂದ ಯಾವ ದಿನದ ಒಳಗೆ ಅಳಿದಿದೆ ಅಂತ ಬರೆದುಕೊಡಿ.

ಗೂಗಲ್ ಫೋಟೋಸ್‌ನ ಟ್ರ್ಯಾಶ್ ಬೇರೆ, ಡ್ರೈವ್‌ನದ್ದು ಬೇರೆ. ಬ್ಯಾಕಪ್ ಆಗಿದ್ದ ಫೋಟೋ ಅಲ್ಲಿ 60 ದಿನ ಇರುತ್ತದೆ. ಬ್ಯಾಕಪ್ ಆಗದೆ ಫೋನ್‌ನಲ್ಲಷ್ಟೇ ಇದ್ದದ್ದಕ್ಕೆ 30 ದಿನ. ಒನ್‌ಡ್ರೈವ್‌ನಲ್ಲಿ ಸ್ವಂತ ಅಕೌಂಟ್‌ಗೆ 30 ದಿನ, ಆಫೀಸ್ ಅಥವಾ ಶಾಲೆಯದ್ದಾದರೆ ಸಾಮಾನ್ಯವಾಗಿ 93.

ಇನ್ನು ಮೇಷ್ಟ್ರ ಸ್ಟೋರೇಜ್ ಕಥೆ ಹಾಗೇ ಇತ್ತಲ್ಲ. ಅದನ್ನು ಬಿಟ್ಟರೆ ಮುಂದಿನ ಹಬ್ಬಕ್ಕೆ ಹುಡುಗ ಮತ್ತೆ ಅಳಿಸುತ್ತಾನೆ. one.google.com/storage ತೆರೆಸಿದೆ. ಯಾವುದು ಎಷ್ಟು ಜಾಗ ತಿಂದಿದೆ ಅಂತ ಅಲ್ಲಿ ಬಿಡಿಸಿ ತೋರಿಸುತ್ತದೆ. ಸಂಚಿಕೆಯ ಫೋಲ್ಡರ್ ಲೆಕ್ಕಕ್ಕೇ ಇಲ್ಲ, ಜಾಗ ಪೂರಾ ವಾಟ್ಸಾಪ್ ಬ್ಯಾಕಪ್ ನುಂಗಿತ್ತು. ಆಂಡ್ರಾಯ್ಡ್ ಫೋನ್‌ಗಳ ವಾಟ್ಸಾಪ್ ಬ್ಯಾಕಪ್ ಮೊದಲೆಲ್ಲ ಪುಕ್ಕಟೆ ಇತ್ತು, ಈಗ ಅದೂ ಇದೇ 15 ಜಿಬಿಯಲ್ಲಿ ಸೇರುತ್ತದೆ. ಮೇಷ್ಟ್ರು ಇರುವ ಗ್ರೂಪುಗಳಲ್ಲಿ ಬೆಳಗಾದರೆ ವಿಡಿಯೋ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ Chats, ಅದರೊಳಗೆ Chat backup, ಅಲ್ಲಿ Include videos ಅನ್ನುವುದನ್ನು ಆಫ್ ಮಾಡಿಸಿ ಹೊಸದಾಗಿ ಬ್ಯಾಕಪ್ ತೆಗೆಸಿದೆ. ಆಮೇಲೆ ಸ್ಟೋರೇಜ್ ಫುಲ್ ಅನ್ನುವ ಕೆಂಪು ಪಟ್ಟಿ ಹೋಯಿತು.