ಒಂದೇ ಹಾಲ್, ಏಳು ಅರ್ಜಿ: ಯಾರಿಗೆ ಕೊಡುವುದು?

ಹಾಲ್ ಒಂದೇ. ಒಂದೇ ದಿನಕ್ಕೆ ಏಳು ಅರ್ಜಿ ಬಂದಿವೆ. ನಾಟಕದ ತಾಲೀಮು 9ರಿಂದ 3, ಉಪನ್ಯಾಸ 10ರಿಂದ 12, ಸಭೆ 11:30ರಿಂದ 12:30, ಸಂಗೀತ 12ರಿಂದ 2, ನೃತ್ಯ 1:30ರಿಂದ 4, ಚರ್ಚೆ 2ರಿಂದ 5, ಸಿನಿಮಾ 5ರಿಂದ 7. ಒಂದಕ್ಕೊಂದು ಅಡ್ಡ ಬರದಂತೆ ಎಷ್ಟು ಜಾಸ್ತಿ ಕಾರ್ಯಕ್ರಮ ಹಿಡಿಸಬಹುದು?

ಮೊದಲು ಶುರುವಾಗುವುದಕ್ಕೆ ಮೊದಲು ಕೊಡೋಣ ಅನ್ನಿಸುತ್ತದೆ, ಅಲ್ವಾ? ಆಗ ತಾಲೀಮು 3ರವರೆಗೆ ಹಾಲ್ ಹಿಡಿದು ಕೂರುತ್ತದೆ. ಆಮೇಲೆ ಸಿನಿಮಾ ಮಾತ್ರ. ಒಟ್ಟು ಎರಡೇ. ಚಿಕ್ಕದಕ್ಕೆ ಮೊದಲು ಕೊಟ್ಟರೆ? ಒಂದು ಗಂಟೆಯ ಸಭೆ ಉಪನ್ಯಾಸ, ಸಂಗೀತ ಎರಡಕ್ಕೂ ಅಡ್ಡ ನಿಲ್ಲುತ್ತದೆ. ಸಭೆ, ನೃತ್ಯ, ಸಿನಿಮಾ ಸೇರಿ ಮೂರಕ್ಕೇ ಮುಗಿಯಿತು.

ಶುರುವಾಗುವ ಹೊತ್ತು ಬಿಡಿ, ಮುಗಿಯುವ ಹೊತ್ತಿನ ಪ್ರಕಾರ ಪಟ್ಟಿ ಬರೆಯಿರಿ: ಉಪನ್ಯಾಸ, ಸಭೆ, ಸಂಗೀತ, ತಾಲೀಮು, ನೃತ್ಯ, ಚರ್ಚೆ, ಸಿನಿಮಾ. ಮೊದಲನೆಯದಕ್ಕೆ ಹಾಲ್ ಕೊಡಿ. ಆಮೇಲೆ ಪಟ್ಟಿಯಲ್ಲಿ ಒಂದೊಂದೇ ಕೆಳಗಿಳಿಯಿರಿ. ಕೊನೆಯದಾಗಿ ಹಾಲ್ ಕೊಟ್ಟದ್ದು ಮುಗಿಯುವ ಹೊತ್ತಿಗೋ ಅದರ ನಂತರವೋ ಶುರುವಾಗುವಂಥದ್ದಾದರೆ ತಗೊಳ್ಳಿ, ಇಲ್ಲದಿದ್ದರೆ ಬಿಡಿ.

ಉಪನ್ಯಾಸ ಬಂತು. ಸಭೆ 11:30ಕ್ಕೆ, ಬಿಟ್ಟಿರಿ. ಈಗ ಸಂಗೀತ. ಹೆಚ್ಚಿನವರು ಎಡವುವುದು ಇಲ್ಲೇ. ಮೇಲಿನ ಸಾಲಿನಲ್ಲಿ ಸಭೆ ಕಾಣುತ್ತದೆ, ಅದು ಮುಗಿಯುವುದು 12:30ಕ್ಕೆ, ಹಾಗಾಗಿ ಸಂಗೀತಕ್ಕೆ ಜಾಗವಿಲ್ಲ ಅಂದುಕೊಳ್ಳುತ್ತಾರೆ. ಆದರೆ ಸಭೆಗೆ ಹಾಲ್ ಕೊಟ್ಟೇ ಇಲ್ಲವಲ್ಲ! ಹೋಲಿಸಬೇಕಾದದ್ದು ಉಪನ್ಯಾಸದ ಜೊತೆ. ಅದು 12ಕ್ಕೆ ಮುಗಿಯುತ್ತದೆ, ಸಂಗೀತ ಬಂತು. ತಾಲೀಮು, ನೃತ್ಯ ಹೋದವು. ಚರ್ಚೆ, ಸಿನಿಮಾ ಬಂದವು. ಒಟ್ಟು ನಾಲ್ಕು.

ನಾಲ್ಕಕ್ಕಿಂತ ಜಾಸ್ತಿ ಆಗುವುದೇ ಇಲ್ಲವೇ? ಇಲ್ಲ. ಯಾರೋ ಇದಕ್ಕಿಂತ ಒಳ್ಳೆಯ ಪಟ್ಟಿ ತಂದರು ಅನ್ನಿ. ಅವರ ಮೊದಲ ಕಾರ್ಯಕ್ರಮ ತೆಗೆದು ಆ ಜಾಗಕ್ಕೆ ಉಪನ್ಯಾಸ ಹಾಕಿ. ಉಪನ್ಯಾಸಕ್ಕಿಂತ ಬೇಗ ಮುಗಿಯುವುದು ಯಾವುದೂ ಇಲ್ಲ, ಹಾಗಾಗಿ ಮುಂದಿನವು ಯಾವುದಕ್ಕೂ ತೊಂದರೆಯಿಲ್ಲ, ಲೆಕ್ಕವೂ ಕಡಿಮೆಯಾಗಲ್ಲ. ಎರಡನೆಯದಕ್ಕೆ, ಮೂರನೆಯದಕ್ಕೆ ಹೀಗೇ ಮಾಡುತ್ತಾ ಹೋದರೆ ಅವರ ಪಟ್ಟಿ ನಮ್ಮದೇ ಆಗಿಬಿಡುತ್ತದೆ.

ಕಂಪ್ಯೂಟರಿನಲ್ಲಿ ಪಟ್ಟಿ ಮಾಡುವವರು ಮಧ್ಯಾಹ್ನ 2 ಅನ್ನು 14:00 ಎಂದೇ ಬರೆಯಿರಿ. ಸುಮ್ನೆ 2:00 ಎಂದು ಹಾಕಿದರೆ ಸಂಗೀತ ಬೆಳಗಿನ ಜಾವಕ್ಕೇ ಮುಗಿದಂತಾಗಿ ಪಟ್ಟಿಯ ತಲೆಗೆ ಹೋಗಿ ಕೂರುತ್ತದೆ.

ಕಾರ್ಯಕ್ರಮಗಳ ನಡುವೆ ಗುಡಿಸಿ ಕುರ್ಚಿ ಜೋಡಿಸಲು ಕಾಲು ಗಂಟೆ ಬೇಕೇ? ಪ್ರತಿಯೊಂದರ ಮುಗಿಯುವ ಹೊತ್ತಿಗೆ 15 ನಿಮಿಷ ಸೇರಿಸಿ ಮತ್ತೆ ಲೆಕ್ಕ ಹಾಕಿ. ಆಗ ಸಂಗೀತಕ್ಕೆ ಜಾಗ ಸಿಗಲ್ಲ. ಉಪನ್ಯಾಸ, ನೃತ್ಯ, ಸಿನಿಮಾ, ಹೀಗೆ ಮೂರಕ್ಕೆ ಇಳಿಯುತ್ತದೆ.

ಈ ಲೆಕ್ಕ ನೋಡುವುದು ಎಷ್ಟು ಕಾರ್ಯಕ್ರಮ ಎಂಬುದನ್ನು ಮಾತ್ರ. ತಾಲೀಮಿನವರು ಉಳಿದೆಲ್ಲರೂ ಸೇರಿ ಕೊಡುವುದಕ್ಕಿಂತ ಜಾಸ್ತಿ ಬಾಡಿಗೆ ಕೊಡುತ್ತೇವೆ ಅಂದರೂ ಇದಕ್ಕೆ ಕಾಣಿಸಲ್ಲ. ಬಾಡಿಗೆಯೇ ಮುಖ್ಯವಾದರೆ ಪ್ರತಿ ಅರ್ಜಿಗೂ ಕೊಟ್ಟರೆ ಎಷ್ಟು, ಬಿಟ್ಟರೆ ಎಷ್ಟು ಎಂದು ಹೋಲಿಸುತ್ತಾ ಹೋಗುವ ಬೇರೆ ಲೆಕ್ಕ ಬೇಕು.