ಅರ್ಜಿ ಪತ್ರದಲ್ಲಿ ಆ ಸಂಸ್ಥೆಯ ಕೆಲಸ ಕಾಣಲಿ

"ಭಾಷೆ ಚೆನ್ನಾಗಿದೆ, ಆದ್ರೆ ಇದನ್ನ ಯಾವ ಆಫೀಸಿಗೆ ಬೇಕಾದ್ರೂ ಕಳಿಸಬಹುದಲ್ವಾ?" ನಿಮ್ಮ ಕೆಲಸದ ಅರ್ಜಿ ಓದಿದವರು ಹೀಗೆಂದರೆ ಪೂರ್ತಿ ಪತ್ರವನ್ನು ಹೊಸದಾಗಿ ಬರೆಯಬೇಕಿಲ್ಲ. ಎರಡು ಮೂರು ಸಾಲು ಬದಲಾದರೆ ಸಾಕು.

ಶಿರಸಿಯ ಅಡಿಕೆ ಮಾರಾಟ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಸಹಾಯಕರ ಕೆಲಸಕ್ಕೆ ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ಅರ್ಜಿ ಬರೆದಿದ್ದಾಳೆ ಅಂದುಕೊಳ್ಳೋಣ. ಅವಳ ಸಾಲು ಇದು: "ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಪ್ರಾಮಾಣಿಕವಾಗಿ ದುಡಿಯುವ ಆಸೆ ನನಗಿದೆ."

ಮೊದಲು ಸಂಘದ ಹೆಸರನ್ನು ಬೆರಳಿನಿಂದ ಮುಚ್ಚಿ ಓದಿ. ಆಗಲೂ ಇದು ಅಡಿಕೆ ಸಂಘಕ್ಕೇ ಬರೆದದ್ದು ಎಂದು ಗೊತ್ತಾಗುವ ಸಾಲು ಯಾವುದಿದೆ? ಒಂದೂ ಇಲ್ಲದಿದ್ದರೆ ದೂರು ನಿಜ. "ಪ್ರತಿಷ್ಠಿತ" ಥರದ ಪದಗಳ ಕೆಳಗೆ ಗೆರೆ ಎಳೆಯಿರಿ, ಬದಲಾಗಬೇಕಾದ್ದು ಅಲ್ಲೇ.

ಮುಂದಿನದು ಕಾಲಿಗೆ ಕೆಲಸ. ಟೆಂಡರ್ ನಡೆಯುವ ಹೊತ್ತಿಗೆ ಸಂಘದ ವಖಾರಿಗೆ ಹೋಗಿ ನಿಲ್ಲಿ. ರೈತರ ಮೂಟೆ ತೂಕವಾಗುತ್ತದೆ. ಅಡಿಕೆಯ ಬಗೆ ನೋಡಿ ಚಾಲಿ, ರಾಶಿ, ಬೆಟ್ಟೆ ಎಂದು ಬೇರೆ ಬೇರೆ ಲಾಟ್ ಆಗುತ್ತದೆ. ವ್ಯಾಪಾರಿಗಳು ಲಾಟ್ ನೋಡಿ ದರ ಹಾಕುತ್ತಾರೆ. ಮಾರಾಟವಾದ ಮೇಲೆ ರೈತರ ಕೈಗೆ ಪಟ್ಟಿ ಬರುತ್ತದೆ. ಅದರಲ್ಲಿ ತೂಕ, ದರ, ಹಮಾಲಿ, ಮೊದಲೇ ಪಡೆದ ಮುಂಗಡದ ಕಡಿತ, ಉಳಿದ ಹಣ ಎಲ್ಲ ಇರುತ್ತದೆ. ಲೆಕ್ಕದವರ ನಿಜವಾದ ಕೆಲಸ ಕಾಣುವುದೇ ಈ ಪಟ್ಟಿಯಲ್ಲಿ. ಮನೆಯಲ್ಲಿ ಹಳೆಯ ಪಟ್ಟಿ ಇದ್ದರೆ ತೆಗೆದು ನೋಡಿ. ಸದಸ್ಯರಿಗೆ ಕೊಡುವ ವಾರ್ಷಿಕ ವರದಿಯೂ ನೆರವಿಗೆ ಬರುತ್ತದೆ.

ಕಂಡದ್ದೆಲ್ಲ ತುಂಬಬೇಡಿ. ನಿಮ್ಮ ಅನುಭವಕ್ಕೆ ತಾಗುವ ಒಂದೇ ಒಂದು ವಿಷಯ ಆರಿಸಿ. ಆ ಹುಡುಗಿಯ ಸಾಲು ಈಗ ಹೀಗಾಗಬಹುದು:

"ಒಂದೊಂದು ಲಾಟ್‌ಗೆ ಒಂದೊಂದು ದರ ಬಂದಾಗ, ಮುಂಗಡ ಕಳೆದು ರೈತರ ಪಟ್ಟಿ ಸರಿಯಾಗಿ ಮಾಡುವುದು ಸಂಘದ ದಿನದ ಕೆಲಸ. ಮನೆಯ ಚಾಲಿ, ರಾಶಿ ಮಾರಿದ ಪಟ್ಟಿಗಳನ್ನು ನಾನೇ ಎಕ್ಸೆಲ್‌ನಲ್ಲಿ ಬರೆದಿಡುತ್ತೇನೆ. ಆಡಿಟರ್ ಕಚೇರಿಯಲ್ಲಿ ಟ್ಯಾಲಿ ಕಲಿತಿದ್ದೇನೆ."

ಮೊದಲ ವಾಕ್ಯ ಅವರ ಕೆಲಸದ್ದು, ಆಮೇಲಿನ ಎರಡು ಅವಳದ್ದು. ಎರಡನ್ನೂ ಪಟ್ಟಿ ಜೋಡಿಸುತ್ತದೆ. ಆ ಕೊಂಡಿ ಇಲ್ಲದೆ ವಿವರ ಮಾತ್ರ ಸೇರಿಸಿದರೆ, ಅವರ ವರದಿಯನ್ನೇ ಅವರಿಗೆ ಓದಿ ಹೇಳಿದಂತಾಗುತ್ತದೆ. ಜಾಸ್ತಿ ಜನ ಎಡವುವುದು ಇಲ್ಲೇ. ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿತು ಎಂದು ಬರೆದರೆ ಮಾತು ಸತ್ಯವೇ, ಆದರೆ ಲೆಕ್ಕದ ಕೆಲಸಕ್ಕೂ ಅದಕ್ಕೂ ಏನು ಸಂಬಂಧ? ಸುಮ್ನೆ ಜಾಗ ದಂಡ.

ಸಂಘವನ್ನು ಸುಧಾರಿಸುವ ಸಲಹೆಯನ್ನೂ ಪತ್ರದಲ್ಲಿ ಹಾಕಬೇಡಿ. ಹೊರಗೆ ನಿಂತು ನೋಡಿದವರಿಗೆ ಒಳಗಿನ ಕಾರಣ ತಿಳಿದಿರುವುದಿಲ್ಲ.

ಕೊನೆಗೆ, ಸೇರಿಸಿದಷ್ಟೇ ಸಾಲು ತೆಗೆಯಿರಿ. ಪತ್ರ ಒಂದು ಪುಟ ದಾಟದಿರಲಿ. ವಖಾರಿಯ ಕೆಲಸ ಗೊತ್ತಿರುವ ಯಾರಾದರೂ ರೈತರಿಗೆ ಒಮ್ಮೆ ಓದಿಸಿ. ಸಂದರ್ಶನದಲ್ಲಿ ಮೊದಲ ಪ್ರಶ್ನೆ ಬರುವ ಸಂಭವ ಇರುವುದು ಈ ಹೊಸ ಸಾಲಿನ ಮೇಲೆಯೇ.