ಅರೇಹಳ್ಳಿ ಮಳೆ ಬೇರೆ, ಬಾಣಾವರದ ಮಳೆ ಬೇರೆ: ಜಿಡಬ್ಲ್ಯೂಆರ್ ಕೊನೆಗೂ ಕೈಹಿಡಿದ ಕಥೆ

ಹಾಸನ ಜಿಲ್ಲೆಯ ಮುಸುಕಿನ ಜೋಳದ ಇಳುವರಿನ ಮಳೆ ಮೇಲೆ ಇಟ್ಟು ಮಾಮೂಲಿ ರಿಗ್ರೆಷನ್ ಓಡಿಸಿದ್ರೆ ಮಳೆ ಕೋಎಫಿಷಿಯೆಂಟ್ ಹೆಚ್ಚುಕಮ್ಮಿ ಸೊನ್ನೆ ಬರುತ್ತೆ. ಅದನ್ನ ನೋಡಿ ನಮ್ಮ ಪರಿಚಯದ ರಿಟೈರ್ಡ್ ಕೃಷಿ ಅಧಿಕಾರಿಯೊಬ್ರು "ನೋಡಪ್ಪ, ಮಳೆಗೂ ಜೋಳಕ್ಕೂ ಸಂಬಂಧ ಇಲ್ಲ ಅಂತ ನಿನ್ನ ಕಂಪ್ಯೂಟರ್ ಹೇಳ್ತಿದೆ, ಅರಸೀಕೆರೆ ರೈತನ ಮುಂದೆ ಹೇಳು, ಬಾರುಕೋಲು ತಗೋತಾನೆ" ಅಂತ ನಕ್ಕಿದ್ರು. ಮಳೆ ಎಲ್ಲಿ ಜೋಳಕ್ಕೆ ಒಳ್ಳೇದು, ಎಲ್ಲಿ ಕೆಟ್ಟದ್ದು ಅಂತ ಮ್ಯಾಪ್ ಮಾಡೋ ಕೆಲಸ ಕೊಟ್ಟಿದ್ದ ರೈತರ ಕಂಪನಿಯವ್ರು ಹದಿನೈದು ಸಾವಿರ ಅಡ್ವಾನ್ಸ್ ಕೊಟ್ಟು, ಉಳಿದ ಇಪ್ಪತ್ತೈದು "ಮ್ಯಾಪ್ ನಂಬೋ ಥರ ಇದ್ರೆ" ಅಂದಿದ್ರು.

ಅದಕ್ಕೆ ಹಿಡಿದಿದ್ದು ಜಿಡಬ್ಲ್ಯೂಆರ್, ಅಂದ್ರೆ ಜಿಯಾಗ್ರಫಿಕಲಿ ವೆಯ್ಟೆಡ್ ರಿಗ್ರೆಷನ್: ಎಲ್ಲಾ ಕಡೆಗೂ ಒಂದೇ ಕೋಎಫಿಷಿಯೆಂಟ್ ಬದಲು, ಪ್ರತಿ ಊರಿನ ಸುತ್ತ ಒಂದು ಕಿಟಕಿ ಇಟ್ಟು, ಅದರೊಳಗಿನ ಪಾಯಿಂಟ್‌ಗಳಿಂದ ಅಲ್ಲಿಗೇ ಬೇರೆ ಕೋಎಫಿಷಿಯೆಂಟ್ ತೆಗೆಯೋದು. ಮೊದಲನೇ ಸಲ ಎಲ್ಲರೂ ಮಾಡೋ ತಪ್ಪೇ ಮಾಡಿದೆ. ಆರು ವರ್ಷದ ಸರಾಸರಿ ಇಳುವರಿ, ವಾರ್ಷಿಕ ಮಳೆಯ ಸರಾಸರಿ, ಪಂಚಾಯ್ತಿಗೊಂದು ಪಾಯಿಂಟ್, ಸುಮಾರು ತೊಂಬತ್ತು ಪಾಯಿಂಟ್. ಮ್ಯಾಪ್ ಬಣ್ಣಬಣ್ಣವಾಗಿ ಬಂತು, ಆದ್ರೆ ಪೂರಾ ಸುಳ್ಳು. ಯಾಕೆ ಅಂದ್ರೆ ಬಾಣಾವರದ ಸುತ್ತ ಹತ್ತು ಪಂಚಾಯ್ತಿ ತಗೊಂಡ್ರೆ ಸರಾಸರಿ ಮಳೆ ಎಲ್ಲಾ ಕಡೆ ಒಂದೇ ಥರ, ಕಿಟಕಿ ಒಳಗೆ ಮಳೆನೇ ಏರುಪೇರಾಗಲ್ಲ ಅಂದ್ಮೇಲೆ ಕೋಎಫಿಷಿಯೆಂಟ್ ಎಲ್ಲಿಂದ ಬರಬೇಕು, ಸ್ಟ್ಯಾಂಡರ್ಡ್ ಎರರ್ ಆಕಾಶಕ್ಕೆ ಹೋಗಿತ್ತು. ಎತ್ತರನೂ ಸೇರಿಸೋಣ ಅಂತ ಹೋದೆ, ಘಟ್ಟದ ಕಡೆ ಎತ್ತರನೂ ಮಳೆನೂ ಒಟ್ಟಿಗೇ ಏರುತ್ತಲ್ಲ, ಎರಡೂ ಎಷ್ಟು ಅಂಟ್ಕೊಂಡಿವೆ ಅಂತ ಹೇಳೋ ಕಂಡೀಷನ್ ನಂಬರ್ ಅಲ್ಲಿ, ನಂಬೋಕಾಗದ ಗಡಿ ಅನ್ನೋ 30 ದಾಟಿ ಎಲ್ಲೋ ಹೋಯ್ತು. ಬಣ್ಣ ನೋಡಿ ಖುಷಿ ಪಡೋಕೆ ಮುಂಚೆ, ಪೈಥಾನ್‌ನ mgwr ಪ್ಯಾಕೇಜಿನಲ್ಲಿ ಈ ಅಂಟನ್ನ ಊರೂರಿಗೂ ತೋರಿಸೋ `local_collinearity()` ನೋಡ್ಬೇಕು ಅಂತ ಆವಾಗ ಗೊತ್ತಾಯ್ತು, ಎರಡು ತಿಂಗಳು ಹಾಳಾದ್ಮೇಲೆ.

ಆಮೇಲೆ ವಾರ್ಷಿಕ ಮಳೆ ಬಿಟ್ಟು ಜುಲೈ ಮಧ್ಯದಿಂದ ಆಗಸ್ಟ್ ಕೊನೆವರೆಗಿನ ಮಳೆ ಹಿಡಿದೆ, ಜೂನ್ ಬಿತ್ತನೆಗೆ ಸೂಲಂಗಿ ಬರೋದು ಆವಾಗಲೇ. ಸರಾಸರಿ ಮಾಡದೆ ಆರು ವರ್ಷನೂ ಬೇರೆ ಬೇರೆ ಸಾಲಾಗಿ ಇಟ್ಟೆ. ಬ್ಯಾಂಡ್‌ವಿಡ್ತ್, ಅಂದ್ರೆ ಕಿಟಕಿಯ ಅಳತೆ, 58 ಬಂತು. ಚೆನ್ನಾಗಿದೆ ಅನ್ಕೊಂಡೆ. ಒಂದು ವಾರ ಆದ್ಮೇಲೆ ತಲೆಗೆ ಹೊಳೀತು, 58 ಅಂದ್ರೆ ಪಂಚಾಯ್ತಿ ಅಲ್ಲ, ಸಾಲು! ಒಂದೊಂದಕ್ಕೆ ಆರು ಸಾಲು, ಅಂದ್ರೆ ಬರೀ ಹತ್ತು ಪಂಚಾಯ್ತಿ. ಒಂದೇ ಊರಿನ ಆರು ಸಾಲು ಒಂದೇ ಥರ ಇರೋದ್ರಿಂದ ಕಿಟಕಿಯ ಅಳತೆ ಆರಿಸೋ ಎಐಸಿಸಿ ಅನ್ನೋ ಅಂಕ ಅದನ್ನ ಚಿಕ್ಕದು ಮಾಡ್ತಾ ಹೋಗಿತ್ತು, ಮಣ್ಣು, ಬೋರ್‌ವೆಲ್, ತಳಿ ಎಲ್ಲಾನೂ ಮಳೆ ಹೆಸರಲ್ಲಿ ನುಂಗ್ತಾ ಇತ್ತು.

ಮದ್ದು ಸಿಂಪಲ್. ಪ್ರತಿ ಪಂಚಾಯ್ತಿಯ ಇಳುವರಿಯಿಂದ ಅದರದ್ದೇ ಸರಾಸರಿ ಕಳೆಯೋದು, ಮಳೆಯಿಂದಲೂ ಹಾಗೇ. ಈಗ ಪ್ರಶ್ನೆನೇ ಬದಲಾಯ್ತು: ಈ ಊರಿಗೆ ಮಾಮೂಲಿಗಿಂತ 100 ಮಿಲಿಮೀಟರ್ ಜಾಸ್ತಿ ಬಂದ ವರ್ಷ ಜೋಳ ಏನಾಯ್ತು?

```python
from mgwr.gwr import GWR
from mgwr.sel_bw import Sel_BW

bw = Sel_BW(xy, y, X, fixed=False, kernel='bisquare').search(criterion='AICc')
res = GWR(xy, y, X, bw, fixed=False, kernel='bisquare').fit()
t = res.filter_tvals()
```

`y` ಸರಾಸರಿ ಕಳೆದ ಇಳುವರಿ, `X` ಸರಾಸರಿ ಕಳೆದ ಮಳೆ, ಪಂಚಾಯ್ತಿಯ ಜಾಗ ಹೇಳೋ `xy` ಮಾತ್ರ ಮೀಟರ್ ಲೆಕ್ಕದ ಯುಟಿಎಂ 43 ಉತ್ತರದಲ್ಲಿ ಇರಲಿ. ಬ್ಯಾಂಡ್‌ವಿಡ್ತ್ ಈ ಸಲ 190ರ ಹತ್ರ ನಿಂತ್ಕೊಂತು, ಅಂದ್ರೆ ಮೂವತ್ತು ಚಿಲ್ಲರೆ ಪಂಚಾಯ್ತಿ. ಸರಾಸರಿ ಕಳೆದಾಗ ಪಂಚಾಯ್ತಿಗೊಂದು ಡಿಗ್ರೀ ಆಫ್ ಫ್ರೀಡಂ ಹೋಗಿರುತ್ತೆ, ಸಾಫ್ಟ್‌ವೇರ್‌ಗೆ ಅದು ಗೊತ್ತಿಲ್ಲ, ಹಾಗಾಗಿ ಕೋಎಫಿಷಿಯೆಂಟ್ ನಂಬಬಹುದಾ ಅಂತ ಹೇಳೋ ಟಿ ವ್ಯಾಲ್ಯೂನ ಅದು ಹೇಳಿದ್ದಕ್ಕಿಂತ ಇನ್ನೂ ಬಿಗಿಯಾಗಿ ನೋಡಿದೆ.

ಪೂರ್ವಕ್ಕೆ ಬಾಣಾವರ, ಜಾವಗಲ್ ಕಡೆ 100 ಮಿಲಿಮೀಟರ್ ಜಾಸ್ತಿ ಆದ್ರೆ ಎಕರೆಗೆ ಎರಡೂವರೆ ಕ್ವಿಂಟಾಲ್ ಹತ್ರ ಜಾಸ್ತಿ. ಪಶ್ಚಿಮಕ್ಕೆ, ಘಟ್ಟದ ಹತ್ರದ ಅರೇಹಳ್ಳಿ, ಬಿಕ್ಕೋಡು ಕಡೆ ಅದೇ 100ಕ್ಕೆ ಒಂದು ಕ್ವಿಂಟಾಲ್ ಕಮ್ಮಿ. ಎಲ್ಲಾ ಪಂಚಾಯ್ತಿನೂ ಒಟ್ಟಿಗೆ ಹಾಕಿದ್ರೆ ಪ್ಲಸ್ಸೂ ಮೈನಸ್ಸೂ ಒಂದನ್ನೊಂದು ತಿಂದುಹಾಕುತ್ತೆ, ಮೊದಲಿನ ಸೊನ್ನೆಯ ಗುಟ್ಟು ಇದೇ. ಎರಡರ ಮಧ್ಯೆ ಹಳೇಬೀಡಿನ ಆಸುಪಾಸು ಏನೂ ಗ್ಯಾರಂಟಿ ಹೇಳೋಕಾಗಲ್ಲ, ಅದನ್ನ ಬೂದು ಬಣ್ಣದಲ್ಲೇ ಬಿಟ್ಟೆ. ಬಿಕ್ಕೋಡಿನ ಹತ್ರ ಹೊಲಕ್ಕೇ ಹೋಗಿ ನೋಡಿದೆ, ತಗ್ಗಲ್ಲಿ ನೀರು ನಿಂತು ಕೆಳಗಿನ ಎಲೆ ತುದಿಯಿಂದ ಹಳದಿ, ಯೂರಿಯಾ ಎಲ್ಲಾ ತೊಳೆದು ಹೋಗಿತ್ತು.

ಮಧ್ಯದಲ್ಲಿ ಎರಡು ಅಡ್ಡದಾರಿ. 2018ರಲ್ಲಿ ಸೈನಿಕ ಹುಳು ಬಂತಲ್ಲ, ಅಲ್ಲಿಂದಾಚೆ ಎಲ್ಲಾ ಕಡೆ ಇಳುವರಿ ಅಲುಗಾಡಿತ್ತು, ಅದಕ್ಕೆ ವರ್ಷದ ಸರಾಸರಿನೂ ಕಳೆದು ನೋಡಿದೆ. ಜಿಲ್ಲೆಗೆಲ್ಲಾ ಒಟ್ಟಿಗೆ ಬರ ಬಂದ ವರ್ಷದ ಪಾಠನೂ ಅದ್ರ ಜೊತೆ ಹೋಗುತ್ತೆ, ಆದ್ರೂ ಪೂರ್ವ ಪ್ಲಸ್, ಪಶ್ಚಿಮ ಮೈನಸ್ ಹಾಗೇ ಉಳೀತು. ಆಲೂಗಡ್ಡೆಗೂ ಟ್ರೈ ಮಾಡಿದೆ, ಕೈಕೊಡ್ತು, ಅಲ್ಲಿ ಮಳೆಗಿಂತ ಅಂಗಮಾರಿಗೆ ಎಷ್ಟು ಸಲ ಔಷಧಿ ಹೊಡೆದ್ರು ಅನ್ನೋದೇ ಮುಖ್ಯ, ಆ ಲೆಕ್ಕ ಯಾರ ಹತ್ರನೂ ಇಲ್ಲ.

ಡೇಟಾದಲ್ಲಿ ಒಂದು ಪಂಚಾಯ್ತಿ ಎಕರೆಗೆ 38 ಕ್ವಿಂಟಾಲ್ ತೋರಿಸ್ತಿತ್ತು, ವಿಚಾರಿಸಿದ್ರೆ ಆ ವರ್ಷ ಹಸಿ ತೂಕನೇ ಬರೆದಿದ್ರಂತೆ. ಮಳೆಮಾಪಕ ಕೆಟ್ಟ ದಿನಗಳನ್ನ ತುಂಬಿಸಿದ್ದು ಹೇಗೆ ಅಂತ ಮಾತ್ರ ಹೇಳಲ್ಲ, ಅದು ನನ್ನ ಹೊಟ್ಟೆಪಾಡು.

ಅಧಿಕಾರಿ ಸಾರ್‌ನ ಒಪ್ಪಿಸಿದ್ದು ಮ್ಯಾಪ್ ಅಲ್ಲ. ಈ ವ್ಯತ್ಯಾಸ ಬರೀ ಆಕಸ್ಮಿಕನಾ ಅಂತ ನೋಡೋಕೆ ಪಂಚಾಯ್ತಿಗಳ ಜಾಗನ ಅದಲುಬದಲು ಮಾಡಿ, ಆರು ವರ್ಷದ ಕಟ್ಟು ಬಿಚ್ಚದೆ, 99 ಸಲ ಓಡಿಸಿದೆ, ರಾತ್ರಿಯೆಲ್ಲಾ ಲ್ಯಾಪ್‌ಟಾಪ್ ಹುಯ್ಯೋ ಅಂತಿತ್ತು. ಒಂದು ಸಲನೂ ಪೂರ್ವ-ಪಶ್ಚಿಮಕ್ಕೆ ಇಷ್ಟು ವ್ಯತ್ಯಾಸ ಬರಲಿಲ್ಲ. ಬೇಲೂರಲ್ಲಿ ಕಾಫಿ ಕುಡೀತಾ ಅದನ್ನ ತೋರಿಸಿದ್ರೆ, ಸುಮ್ನೆ ಕೂತಿದ್ದು ಆಮೇಲೆ ಬೂದು ಪಟ್ಟಿ ಮೇಲೆ ಬೆರಳಿಟ್ಟು, "ನಾನು ಸರ್ವಿಸಲ್ಲಿದ್ದಾಗ ಗೊಬ್ಬರದ ಶಿಫಾರಸು ಬದಲಾಯಿಸ್ತಿದ್ದಿದ್ದು ಇಲ್ಲೇ ಕಣಯ್ಯ" ಅಂದ್ರು. ಇಪ್ಪತ್ತೈದು ಸಾವಿರ ಮುಂದಿನ ವಾರ ಬಂತು, ಟಿಡಿಎಸ್ ಕಳೆದು.